ಗಡುವಿನ ಹತ್ತಿರವೇ ಕೆಲಸ ಏಕೆ ಶುರುವಾಗುತ್ತದೆ?

ಹದಿನೈದು ದಿನದ ಕೆಲಸಕ್ಕೆ ತಿಂಗಳು ಕೊಟ್ಟರೆ ಅದು ತಿಂಗಳು ಹಿಡಿಯುತ್ತದೆ. ಅಷ್ಟೇ ಅಲ್ಲ, ಆ ತಿಂಗಳಲ್ಲಿ ನಿಜವಾದ ದುಡಿಮೆ ನಡೆಯುವುದು ಬಹುಮಟ್ಟಿಗೆ ಕೊನೆಯ ವಾರದಲ್ಲಿ. ಮೊದಲನೆಯದು ಕೆಲಸ ಹಿಗ್ಗುವ ಗುಣ, ಎರಡನೆಯದು ಕೆಲಸ ಹಿಂದಕ್ಕೆ ಜಾರುವ ಗುಣ. ಎರಡೂ ಬೇರೆ ಬೇರೆಯಾಗಿ ಕಂಡರೂ ಅವುಗಳ ಫಲ ಒಂದೇ: ಎಚ್ಚರಿಕೆಗೆಂದು ಸೇರಿಸಿಟ್ಟ ಹೆಚ್ಚುವರಿ ದಿನಗಳು ತೊಂದರೆ ಎದುರಾಗುವ ಮೊದಲೇ ಖರ್ಚಾಗಿರುತ್ತವೆ. ಆಮೇಲೆ ವಿದ್ಯುತ್ ಹೋದರೂ, ಒಬ್ಬರು ಕಾಯಿಲೆ ಬಿದ್ದರೂ ಗಡುವು ತಪ್ಪುತ್ತದೆ. ಹೆಚ್ಚು ದಿನ ಕೊಟ್ಟರೂ ಕೆಲಸ ತಡವಾಗುವುದು ಇದರಿಂದಲೇ. ಆದ್ದರಿಂದ ಯೋಜನೆ ಹಾಕುವಾಗ ಎಷ್ಟು ದಿನ ಕೊಡಬೇಕು ಎನ್ನುವುದಕ್ಕಿಂತ ಹೆಚ್ಚುವರಿ ದಿನಗಳನ್ನು ಎಲ್ಲಿ ಇಡಬೇಕು ಎನ್ನುವುದು ಮುಖ್ಯವಾಗುತ್ತದೆ.

ಹಿಗ್ಗುವ ಕೆಲಸ

ಕೆಲಸವು ಸಿಕ್ಕಷ್ಟು ಸಮಯವನ್ನೂ ತುಂಬಿಕೊಳ್ಳುವಂತೆ ಬೆಳೆಯುತ್ತದೆ ಎಂಬ ಮಾತಿಗೆ ಪಾರ್ಕಿನ್ಸನ್ ನಿಯಮ ಎಂದು ಹೆಸರು. ಇಂಗ್ಲೆಂಡಿನ ನೌಕಾ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ ಅದನ್ನು 1955ರ ನವೆಂಬರ್‌ನಲ್ಲಿ ‘ದಿ ಎಕಾನಮಿಸ್ಟ್’ ವಾರಪತ್ರಿಕೆಯ ಪ್ರಬಂಧವೊಂದರಲ್ಲಿ ಮಂಡಿಸಿದರು. ಬಿಡುವಿರುವ ವೃದ್ಧೆಯೊಬ್ಬರು ತಮ್ಮ ಸೋದರ ಸೊಸೆಗೆ ಒಂದು ಅಂಚೆಕಾರ್ಡ್ ಬರೆಯಲು ಇಡೀ ದಿನ ತೆಗೆದುಕೊಳ್ಳಬಹುದು, ಬಿಡುವಿಲ್ಲದ ವ್ಯಕ್ತಿ ಅದನ್ನೇ ಮೂರು ನಿಮಿಷದಲ್ಲಿ ಮುಗಿಸುತ್ತಾನೆ ಎಂಬುದು ಅವರು ಕೊಟ್ಟ ಉದಾಹರಣೆ. ಆದರೆ ಅವರ ಗಮನವಿದ್ದದ್ದು ಸರ್ಕಾರಿ ಕಚೇರಿಗಳ ಮೇಲೆ. 1914ರಿಂದ 1928ರ ನಡುವೆ ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದವು, ಅದೇ ಅವಧಿಯಲ್ಲಿ ನೌಕಾ ಇಲಾಖೆಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು. ಮಾಡಬೇಕಾದ ಕೆಲಸದ ಪ್ರಮಾಣಕ್ಕೂ ಅದಕ್ಕೆ ತೊಡಗಿಸಿದ ಸಮಯ ಮತ್ತು ಜನರಿಗೂ ನೇರ ಸಂಬಂಧವಿರಬೇಕೆಂದಿಲ್ಲ ಎಂದು ಅವರು ಈ ಅಂಕಿಗಳಿಂದ ತೋರಿಸಿದರು.

ಪಾರ್ಕಿನ್ಸನ್ ಬರೆದದ್ದು ವಿಡಂಬನೆಯ ಧಾಟಿಯಲ್ಲಿ. ಆದರೆ ಅದರ ಮುಖ್ಯ ಅಂಶವನ್ನು ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಪ್ರಯೋಗಕ್ಕೆ ಒಡ್ಡಿದರು. ಎಲಿಯಟ್ ಆರನ್‌ಸನ್ ಮತ್ತು ಅವರ ಸಹೋದ್ಯೋಗಿಗಳು ಒಂದೇ ಬಗೆಯ ಕೆಲಸಕ್ಕೆ ಕೆಲವರಿಗೆ 5 ನಿಮಿಷ, ಕೆಲವರಿಗೆ 15 ನಿಮಿಷ ಕೊಟ್ಟರು. ಆಮೇಲೆ ಅಂಥದೇ ಇನ್ನೊಂದು ಕೆಲಸ ಕೊಟ್ಟು, ಬೇಕಾದಷ್ಟು ಸಮಯ ತೆಗೆದುಕೊಳ್ಳಬಹುದು ಎಂದರು. ಮೊದಲ ಸಲ 15 ನಿಮಿಷ ಪಡೆದವರು ಎರಡನೆಯ ಸಲವೂ ಹೆಚ್ಚು ಹೊತ್ತು ತೆಗೆದುಕೊಂಡರು. ಸಿಕ್ಕ ಅವಧಿಯನ್ನೇ ಮನಸ್ಸು ಆ ಕೆಲಸದ ಅಳತೆಯೆಂದು ಹಿಡಿದುಕೊಳ್ಳುತ್ತದೆ, ಮುಂದಿನ ಸಲವೂ ಅದೇ ಅಳತೆಯಲ್ಲಿ ನಡೆಯುತ್ತದೆ.

ಕೆಲಸ ಹಿಗ್ಗುವುದಕ್ಕೆ ಎರಡು ಸ್ಪಷ್ಟ ಕಾರಣಗಳಿವೆ. ಮೊದಲನೆಯದು, ಬಹುಪಾಲು ಕೆಲಸಗಳಿಗೆ ‘ಮುಗಿಯಿತು’ ಎನ್ನುವ ಗೆರೆ ಇರುವುದಿಲ್ಲ. ಗೋಡೆ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ. ಆದರೆ ವರದಿ, ವಿನ್ಯಾಸ, ಪಾಠದ ಟಿಪ್ಪಣಿಗಳನ್ನು ಎಷ್ಟು ಬೇಕಾದರೂ ತಿದ್ದುತ್ತ ಹೋಗಬಹುದು, ದಿನ ಉಳಿದಿದ್ದರೆ ತಿದ್ದುವವರು ನಿಲ್ಲಿಸುವುದಿಲ್ಲ. ಎರಡನೆಯದು, ಬೇಗ ಮುಗಿಸಿದವರಿಗೆ ಲಾಭವಿರುವುದಿಲ್ಲ. ಹತ್ತು ದಿನ ಕೇಳಿದ ಗುಮಾಸ್ತ ಐದೇ ದಿನಕ್ಕೆ ಫೈಲು ಮುಗಿಸಿ ಕೊಟ್ಟರೆ ಮೆಚ್ಚುಗೆಯ ಬದಲು ಇನ್ನೊಂದು ಫೈಲು ಬರುತ್ತದೆ. ಮುಂದಿನ ಸಲ ಹತ್ತು ದಿನ ಕೇಳಿದರೆ ಐದೇ ಸಿಗುತ್ತದೆ. ಹಾಗಾಗಿ ಮುಗಿದ ಕೆಲಸವೂ ಗಡುವಿನ ದಿನದವರೆಗೆ ಮೇಜಿನ ಮೇಲೆಯೇ ಇರುತ್ತದೆ.

ಜಾರುವ ಆರಂಭ

ಕೊನೆಯ ದಿನಗಳ ನೂಕುನುಗ್ಗಲಿಗೆ ಭಾರತದಲ್ಲೇ ಒಳ್ಳೆಯ ಸಾಕ್ಷ್ಯವಿದೆ. 2024ರಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಏಪ್ರಿಲ್‌ನಿಂದ ಜುಲೈ 31ರವರೆಗೆ ಅವಕಾಶವಿತ್ತು. ಅಷ್ಟರಲ್ಲಿ ಸಲ್ಲಿಕೆಯಾದ ರಿಟರ್ನ್‌ಗಳು 7.28 ಕೋಟಿಗೂ ಹೆಚ್ಚು. ಅವು ನಾಲ್ಕು ತಿಂಗಳಿಗೆ ಸಮನಾಗಿ ಹಂಚಿಹೋಗಿದ್ದರೆ ದಿನಕ್ಕೆ ಸುಮಾರು 6 ಲಕ್ಷ ಬರಬೇಕಿತ್ತು. ಕೊನೆಯ ಒಂದೇ ದಿನ ಬಂದದ್ದು 69.92 ಲಕ್ಷ.

ಇದೆಲ್ಲವೂ ಸೋಮಾರಿತನವಲ್ಲ. ಸಂಬಳದಾರರಿಗೆ ಬೇಕಾದ ಫಾರ್ಮ್ 16 ಕೈಗೆ ಸಿಗುವುದೇ ಜೂನ್ ಮಧ್ಯದಲ್ಲಿ, ಅದಿಲ್ಲದೆ ಬೇಗ ಶುರುಮಾಡುವುದು ಅನೇಕರಿಗೆ ಕಷ್ಟ. ಆದರೆ ಎಲ್ಲರೂ ಜೂನ್ 15ರ ನಂತರವೇ ಶುರುಮಾಡಿದರು ಎಂದು ಲೆಕ್ಕ ಹಾಕಿದರೂ ದಿನಕ್ಕೆ ಸುಮಾರು 16 ಲಕ್ಷ ಆಗುತ್ತದೆ. ಕೊನೆಯ ದಿನದ ಸಂಖ್ಯೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಯಾವುದೇ ವಿಳಂಬವನ್ನು ಪರಿಶೀಲಿಸುವಾಗ ಈ ಎರಡನ್ನೂ ಬೇರ್ಪಡಿಸಿ ನೋಡಬೇಕು: ಬೇಕಾದ ಸಾಮಗ್ರಿ ಬಾರದೆ ಆದ ತಡ ಒಂದು, ಸಾಮಗ್ರಿ ಕೈಯಲ್ಲಿದ್ದೂ ಆದ ತಡ ಇನ್ನೊಂದು. ಯೋಜನೆ ಬದಲಿಸಿ ಸರಿಪಡಿಸಬಹುದಾದದ್ದು ಎರಡನೆಯದು. ಮೊದಲನೆಯದಕ್ಕೆ ಸಾಮಗ್ರಿ ಬೇಗ ಬರುವ ದಾರಿ ಹುಡುಕಬೇಕು.

ಸಾಮಗ್ರಿ ಇದ್ದರೂ ಕೈ ಏಳದಿರುವುದಕ್ಕೆ ಮುಖ್ಯ ಕಾರಣ, ದೂರದ ಲಾಭನಷ್ಟಗಳಿಗೆ ಮನಸ್ಸು ಕಡಿಮೆ ಬೆಲೆ ಕಟ್ಟುವುದು. ಎರಡು ತಿಂಗಳ ನಂತರದ ದಂಡಕ್ಕಿಂತ ಈ ಸಂಜೆಯ ತೊಂದರೆ ದೊಡ್ಡದಾಗಿ ಕಾಣುತ್ತದೆ. ಗಡುವು ಹತ್ತಿರವಾದಂತೆ ದಂಡದ ಭಾರ ನಿಧಾನವಾಗಿ ಏರುವುದಿಲ್ಲ, ಕೊನೆಯ ಕೆಲವು ದಿನಗಳಲ್ಲಿ ಥಟ್ಟನೆ ಏರುತ್ತದೆ. ಕೆಲಸದ ಚುರುಕೂ ಅದೇ ರೀತಿ ಏರುತ್ತದೆ. ಇದರ ಜೊತೆಗೆ ಒಬ್ಬರ ಕೈಯಲ್ಲಿ ಯಾವಾಗಲೂ ನಾಲ್ಕಾರು ಕೆಲಸಗಳಿರುತ್ತವೆ. ನಾಳೆಯ ಗಡುವಿನದು ಇವತ್ತಿನ ದಿನವನ್ನು ನುಂಗುತ್ತದೆ, ಮುಂದಿನ ತಿಂಗಳದ್ದು ಮುಂದಕ್ಕೆ ಹೋಗುತ್ತದೆ. ಅವಧಿ ಧಾರಾಳವಾಗಿದ್ದಷ್ಟೂ ಆರಂಭ ತಡವಾಗುವ ಈ ಅಭ್ಯಾಸಕ್ಕೆ ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ‘ಸ್ಟೂಡೆಂಟ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಅಸೈನ್‌ಮೆಂಟಿಗೆ ಇನ್ನೊಂದು ವಾರ ಬೇಕೆಂದು ಬೇಡಿ ಪಡೆದು, ಆ ವಾರದ ಕೊನೆಗೇ ಬರೆಯಲು ಕೂರುವ ವಿದ್ಯಾರ್ಥಿಯಿಂದ ಬಂದ ಹೆಸರಿದು.

ಅಂದಾಜಿನ ತಪ್ಪೂ ಇದಕ್ಕೆ ಸೇರಿಕೊಳ್ಳುತ್ತದೆ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ಪದವಿ ವಿದ್ಯಾರ್ಥಿಗಳು ಸರಾಸರಿ 34 ದಿನ ಬೇಕಾಗಬಹುದು ಎಂದಿದ್ದರು. ಹಿಡಿದದ್ದು ಸರಾಸರಿ 55 ದಿನ. ಎಲ್ಲವೂ ಕೆಟ್ಟದಾಗಿ ನಡೆದರೆ ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಅವರು ಕೊಟ್ಟ ಅಂದಾಜು ಕೂಡ 49 ದಿನ ದಾಟಿರಲಿಲ್ಲ. ಅಂದಾಜು ಮಾಡುವವರು ಮುಂದಿನ ಹೆಜ್ಜೆಗಳನ್ನು ಕಲ್ಪಿಸಿಕೊಳ್ಳುತ್ತಾರೆ, ಹಿಂದಿನ ಇಂಥದೇ ಕೆಲಸಕ್ಕೆ ಎಷ್ಟು ದಿನ ಹಿಡಿದಿತ್ತು ಎಂದು ನೆನೆಯುವುದಿಲ್ಲ.

ಹೆಚ್ಚುವರಿ ದಿನಗಳು ಎಲ್ಲಿ ಕಾಣೆಯಾಗುತ್ತವೆ?

ಹಲವರು ಸೇರಿ ಮಾಡುವ ಕೆಲಸದಲ್ಲಿ ಈ ಅಭ್ಯಾಸಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಗೋಲ್ಡ್‌ರಾಟ್ 1997ರಲ್ಲಿ ‘ಕ್ರಿಟಿಕಲ್ ಚೈನ್’ ಎಂಬ ಪುಸ್ತಕದಲ್ಲಿ ಇದನ್ನು ಬಿಡಿಸಿಟ್ಟು ಅದಕ್ಕೊಂದು ಯೋಜನಾ ವಿಧಾನವನ್ನೂ ಸೂಚಿಸಿದರು. ಆ ವಿಧಾನವನ್ನು ಎಲ್ಲರಿಗೂ ಪರಿಚಿತವಾದ ಒಂದು ಕೆಲಸಕ್ಕೆ ಹೊಂದಿಸಿ ನೋಡಬಹುದು: ಶಾಲೆಯೊಂದರ ಅಮೃತ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದು.

ಸಂಪಾದಕ ಸಮಿತಿ ಐದು ಹಂತಗಳಿಗೆ ದಿನ ಗೊತ್ತುಮಾಡುತ್ತದೆ ಎಂದುಕೊಳ್ಳಬೇಕು. ಲೇಖನ ಸಂಗ್ರಹಕ್ಕೆ 20 ದಿನ, ಡಿಟಿಪಿಗೆ 12, ಕರಡು ತಿದ್ದಲು 8, ಪುಟ ಮತ್ತು ಮುಖಪುಟ ವಿನ್ಯಾಸಕ್ಕೆ 8, ಮುದ್ರಣ ಮತ್ತು ಬೈಂಡಿಂಗ್‌ಗೆ 12. ಒಟ್ಟು 60 ದಿನ. ಈ ಪ್ರತಿ ಸಂಖ್ಯೆಯೂ ‘ಏನೇ ಆದರೂ ಇಷ್ಟರೊಳಗೆ ಕೊಡಬಹುದು’ ಎಂಬ ಭರವಸೆಯ ಅಂದಾಜು. ಡಿಟಿಪಿಯವರು 12 ದಿನ ಎನ್ನುವಾಗ, ಸುಸೂತ್ರವಾಗಿ ನಡೆದರೆ 6 ದಿನ ಸಾಕು ಎಂಬುದು ಅವರಿಗೆ ಗೊತ್ತಿರುತ್ತದೆ. ಉಳಿದ 6 ದಿನ ವಿದ್ಯುತ್ ಕಡಿತ, ಓದಲಾಗದ ಕೈಬರಹ, ನಡುವೆ ಬರುವ ಮದುವೆ ಪತ್ರಿಕೆಯ ಕೆಲಸಗಳಿಗೆಂದು ಸೇರಿಸಿದ್ದು. ಎಲ್ಲ ಹಂತಗಳಲ್ಲೂ ಅರ್ಧದಷ್ಟು ಹೀಗೆ ಸೇರಿದೆ ಎಂದು ಹಿಡಿದರೆ, 60ರಲ್ಲಿ 30 ದಿನ ದುಡಿಮೆಗೆ, 30 ದಿನ ಭದ್ರತೆಗೆ.

ಇಷ್ಟು ಭದ್ರತೆಯಿದ್ದೂ ಸಂಚಿಕೆ ತಡವಾಗುತ್ತದೆ. ಲೇಖಕರಿಗೆ 20 ದಿನವಿದೆ ಎಂದು ಗೊತ್ತಿರುವುದರಿಂದ ಬರೆಯಲು ಕೂರುವುದು ಕೊನೆಯ ವಾರ, ಭದ್ರತೆಯ 10 ದಿನ ಆರಂಭದಲ್ಲೇ ಕಳೆದಿರುತ್ತದೆ. ಡಿಟಿಪಿ ಒಂಬತ್ತನೆಯ ದಿನ ಮುಗಿದರೂ ಕರಡು ತಿದ್ದುವ ಮೇಷ್ಟ್ರಿಗೆ ತಲುಪುವುದು ಹನ್ನೆರಡನೆಯ ದಿನ. ಅವರು ತಮ್ಮ ಬಿಡುವನ್ನು ಆ ದಿನಕ್ಕೆ ಹೊಂದಿಸಿಕೊಂಡಿರುವುದರಿಂದ ಮೊದಲೇ ತಲುಪಿದರೂ ಕೈಗೆತ್ತಿಕೊಳ್ಳುವುದಿಲ್ಲ. ಆದರೆ ಡಿಟಿಪಿ ಹದಿನೈದನೆಯ ದಿನ ಮುಗಿದರೆ ಆ ಮೂರು ದಿನದ ತಡ ಪೂರ್ತಿಯಾಗಿ ಮುಂದಿನ ಹಂತಕ್ಕೆ ದಾಟುತ್ತದೆ. ಒಂದು ಹಂತದಲ್ಲಿ ಉಳಿಸಿದ ದಿನ ಮುಂದಿನ ಹಂತಕ್ಕೆ ಹೋಗುವುದಿಲ್ಲ, ಕಳೆದ ದಿನ ಮಾತ್ರ ಹೋಗುತ್ತದೆ. ಭದ್ರತೆ ಹಂತ ಹಂತಗಳಲ್ಲಿ ಹಂಚಿಹೋಗಿರುವವರೆಗೆ ಈ ಸೋರಿಕೆ ನಿಲ್ಲುವುದಿಲ್ಲ.

ಭದ್ರತೆಯನ್ನು ಕೊನೆಯಲ್ಲಿ ಕೂಡಿಡುವುದು

ಗೋಲ್ಡ್‌ರಾಟ್ ವಿಧಾನದ ಮೊದಲ ಹೆಜ್ಜೆ, ಪ್ರತಿ ಹಂತದಿಂದ ಭದ್ರತೆಯನ್ನು ಹೊರತೆಗೆಯುವುದು. ಸಂಚಿಕೆಯ ಹಂತಗಳು ಈಗ 10, 6, 4, 4, 6 ದಿನ ಆಗುತ್ತವೆ, ಒಟ್ಟು 30. ಎರಡನೆಯ ಹೆಜ್ಜೆ, ಹೊರತೆಗೆದ ಭದ್ರತೆಯ ಅರ್ಧವನ್ನು ಮಾತ್ರ ಇಡೀ ಕೆಲಸದ ಕೊನೆಯಲ್ಲಿ ಒಟ್ಟಾಗಿ ಇಡುವುದು. ಇದಕ್ಕೆ ಬಫರ್ ಎನ್ನುತ್ತಾರೆ. ಇಲ್ಲಿ ಅದು 15 ದಿನ. ಸಮಾರಂಭಕ್ಕೆ 60 ದಿನವಿರುವಾಗ ಯೋಜನೆ 45 ದಿನಕ್ಕೇ ಮುಗಿಯುತ್ತದೆ.

ಭದ್ರತೆಯನ್ನು ಅರ್ಧಕ್ಕಿಳಿಸಿದರೂ ಅಪಾಯ ಏಕೆ ಹೆಚ್ಚುವುದಿಲ್ಲ? ಐದೂ ಹಂತಗಳು ಏಕಕಾಲದಲ್ಲಿ ಕೆಡುವುದು ಅಪರೂಪ. ಒಂದು ತಡವಾದರೆ ಇನ್ನೊಂದು ಬೇಗ ಮುಗಿಯುತ್ತದೆ, ಬಫರ್ ಒಂದೇ ಕಡೆ ಇದ್ದಾಗ ಆ ಲಾಭನಷ್ಟಗಳು ಪರಸ್ಪರ ಸರಿದೂಗುತ್ತವೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಳ ಲೆಕ್ಕವಿದೆ. ಪ್ರತಿ ಹಂತದ ಭದ್ರತಾ ದಿನಗಳನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. 10, 6, 4, 4, 6ರ ವರ್ಗಗಳ ಮೊತ್ತ 204, ಅದರ ವರ್ಗಮೂಲ 14ಕ್ಕಿಂತ ಸ್ವಲ್ಪ ಹೆಚ್ಚು. ಅರ್ಧ ಎಂಬ ಒರಟು ಲೆಕ್ಕ ಕೊಟ್ಟ 15ಕ್ಕೂ ಇದು ಸಮೀಪವಿದೆ. ಆದರೆ ಒಂದು ಷರತ್ತು ಇದೆ: ಹಂತಗಳ ತೊಂದರೆಗಳು ಒಂದಕ್ಕೊಂದು ಸಂಬಂಧಪಡದವು ಆಗಿರಬೇಕು. ಚುನಾವಣೆ ಬಂದು ಮೇಷ್ಟ್ರು, ಮುದ್ರಣಾಲಯ ಎರಡೂ ಒಟ್ಟಿಗೆ ಬಿಡುವಿಲ್ಲದಂತಾದರೆ ಈ ಲೆಕ್ಕ ನಿಲ್ಲುವುದಿಲ್ಲ. ಅಂಥ ಸೂಚನೆಯಿದ್ದರೆ ಬಫರ್ ದೊಡ್ಡದಾಗಿರಬೇಕು.

ಮೂರನೆಯ ಹೆಜ್ಜೆ, ಪಕ್ಕದಿಂದ ಬಂದು ಸೇರುವ ಕೆಲಸಗಳನ್ನು ನೋಡಿಕೊಳ್ಳುವುದು. ಸಂಚಿಕೆಗೆ ಜಾಹೀರಾತು ಸಂಗ್ರಹಿಸುವುದು ಲೇಖನಗಳ ಜೊತೆಜೊತೆಗೇ ನಡೆದು, ಪುಟ ವಿನ್ಯಾಸದ ಹೊತ್ತಿಗೆ ಬಂದು ಸೇರಬೇಕು. ಅದು ತಡವಾದರೆ ಮುಖ್ಯ ಸಾಲು ನಿಲ್ಲುತ್ತದೆ, ಆದ್ದರಿಂದ ಅದಕ್ಕೂ ಒಂದು ಚಿಕ್ಕ ಬಫರ್ ಬೇಕು. ಜಾಹೀರಾತಿಗೆ ಭದ್ರತೆ ಸೇರಿ 20 ದಿನ, ಭದ್ರತೆ ತೆಗೆದರೆ 10, ಬಫರ್ 5. ವಿನ್ಯಾಸ ಶುರುವಾಗುವುದು 20 ದಿನ ಕಳೆದ ಮೇಲೆ. ಹಿಂದಕ್ಕೆ 15 ದಿನ ಎಣಿಸಿದರೆ, ಐದು ದಿನ ಕಳೆಯುವಷ್ಟರಲ್ಲಿ ಜಾಹೀರಾತಿನ ಸುತ್ತಾಟ ಶುರುವಾಗಲೇಬೇಕು ಎಂದು ತಿಳಿಯುತ್ತದೆ. ಬಫರ್ ಇಲ್ಲದ ಯೋಜನೆಯಲ್ಲಿ ಆ ಸುತ್ತಾಟ ಹತ್ತನೆಯ ದಿನದ ನಂತರ ಹೊರಟು, ಮೊದಲ ತೊಂದರೆಗೇ ಸಂಚಿಕೆಯನ್ನು ತಡೆದು ನಿಲ್ಲಿಸುತ್ತದೆ.

ನಾಲ್ಕನೆಯ ಹೆಜ್ಜೆ, ಹಂತಹಂತಕ್ಕೆ ತಾರೀಕು ಕೊಡುವುದನ್ನು ಬಿಟ್ಟು ಕೆಲಸ ಕೈ ದಾಟುವ ರೀತಿಯನ್ನು ಬದಲಿಸುವುದು. ತಮ್ಮ ಸರದಿ ಬರುವ ಎರಡು ಮೂರು ದಿನ ಮೊದಲೇ ಮುಂದಿನವರಿಗೆ ಫೋನ್ ಹೋಗಬೇಕು. ಕೆಲಸ ಬಂದ ಕೂಡಲೇ ಬೇರೆಯದನ್ನು ಬದಿಗಿಟ್ಟು ಅದನ್ನೇ ಮುಗಿಸಬೇಕು, ಮುಗಿದ ಗಂಟೆಯಲ್ಲೇ ಮುಂದಕ್ಕೆ ಕಳಿಸಬೇಕು. ರಿಲೇ ಓಟದಲ್ಲಿ ಮುಂದಿನ ಓಟಗಾರ ಗಡಿಯಾರ ನೋಡುತ್ತ ನಿಲ್ಲದೆ, ಕೋಲು ಹಿಡಿದು ಬರುವವನನ್ನು ನೋಡುತ್ತ ನಿಲ್ಲುವ ಹಾಗೆ. ಬೇಗ ಮುಗಿಸಿದ ದಿನ ಆಗ ಮಾತ್ರ ಮುಂದಿನ ಹಂತಕ್ಕೆ ದಕ್ಕುತ್ತದೆ.

ಬಫರ್ ಓದುವ ಬಗೆ

ಕೆಲಸ ಸರಿಯಾಗಿ ಸಾಗುತ್ತಿದೆಯೇ ಎಂಬುದನ್ನು ಬಫರ್ ಎಷ್ಟು ಖರ್ಚಾಯಿತು ಎಂಬುದರಿಂದ ತಿಳಿಯಬೇಕು. 15 ದಿನವನ್ನು ಐದೈದರ ಮೂರು ಭಾಗ ಮಾಡಿ ಹಸಿರು, ಹಳದಿ, ಕೆಂಪು ಎಂದು ಗುರುತಿಸುವುದು ರೂಢಿ. ಹಸಿರಿನಲ್ಲಿರುವವರೆಗೆ ಯಾರನ್ನೂ ಕೆಣಕುವ ಅಗತ್ಯವಿಲ್ಲ. ಹಳದಿಗೆ ಬಂದರೆ ಪರಿಹಾರ ಯೋಚಿಸಿಡಬೇಕು. ಕೆಂಪಿಗೆ ಬಂದರೆ ಅದನ್ನು ಜಾರಿಗೆ ತರಬೇಕು. ಬಫರ್ ಖರ್ಚನ್ನು ಮುಗಿದ ಕೆಲಸದ ಪಾಲಿನೊಂದಿಗೆ ಹೋಲಿಸಿಯೇ ನೋಡಬೇಕು.

ಲೇಖನಗಳು 10ರ ಬದಲು 14 ದಿನಕ್ಕೆ ಬಂದರೆ ಬಫರ್‌ನಿಂದ 4 ದಿನ ಹೋಗುತ್ತದೆ. ಡಿಟಿಪಿ ಒಂದು ದಿನ ಹೆಚ್ಚು ಹಿಡಿದರೆ 5 ಆಗುತ್ತದೆ. ಕರಡು ತಿದ್ದುವುದು ಒಂದು ದಿನ ಮೊದಲೇ ಮುಗಿದು ತಕ್ಷಣ ಮುಂದಕ್ಕೆ ಹೋದರೆ ಮತ್ತೆ 4ಕ್ಕೆ ಇಳಿಯುತ್ತದೆ. ಈ ಹೊತ್ತಿಗೆ ಕೆಲಸದ ಮೂರನೆಯ ಎರಡು ಭಾಗ ಮುಗಿದಿದೆ, ಬಫರ್‌ನ ಕಾಲು ಭಾಗದಷ್ಟು ಮಾತ್ರ ಖರ್ಚಾಗಿದೆ. ಚಿಂತೆಯಿಲ್ಲ. ಆದರೆ ಲೇಖನಗಳೇ 20 ದಿನ ಹಿಡಿದಿದ್ದರೆ, ಮೂರನೆಯ ಒಂದು ಭಾಗ ಕೆಲಸಕ್ಕೆ ಬಫರ್‌ನ 10 ದಿನ ಹೋಗಿ ಕೆಂಪಿನ ಅಂಚಿಗೆ ಬಂದಂತೆ. ಬಂದ ಲೇಖನಗಳಿಗೇ ಸಂಚಿಕೆ ನಿಲ್ಲಿಸುವುದು, ಡಿಟಿಪಿಯನ್ನು ಇಬ್ಬರಿಗೆ ಹಂಚುವುದು ಇಂಥ ತೀರ್ಮಾನಗಳನ್ನು ಆಗಲೇ ತೆಗೆದುಕೊಳ್ಳಬೇಕು. ಹಳೆಯ ರೀತಿಯ ಯೋಜನೆಯಲ್ಲಾದರೆ ಲೇಖನಗಳಿಗೆ 20 ದಿನ ಹಿಡಿದದ್ದು ತಡವೆಂದೇ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಪಾಯ ಗೊತ್ತಾಗುತ್ತಿದ್ದದ್ದು ಮುದ್ರಣದ ಹಂತದಲ್ಲಿ.

ಒಬ್ಬರೇ ಮಾಡುವ ಕೆಲಸ

ಕೈ ದಾಟಿಸಲು ಇನ್ನೊಬ್ಬರಿಲ್ಲದ ಕೆಲಸದಲ್ಲಿ ಕೊನೆಯ ಗಡುವೊಂದನ್ನೇ ನಂಬಿದರೆ ಆರಂಭ ಜಾರುತ್ತದೆ. ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವರ್ಟೆನ್‌ಬ್ರಾಕ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ಬರಹಗಳ ತಪ್ಪು ತಿದ್ದುವ ಕೆಲಸಕ್ಕೆ ಮೂರು ವಾರ ಕೊಡಲಾಗಿತ್ತು. ಒಂದು ಗುಂಪು ವಾರಕ್ಕೊಂದರಂತೆ ಒಪ್ಪಿಸಬೇಕಿತ್ತು, ಒಂದು ಗುಂಪು ಗಡುವುಗಳನ್ನು ತಾನೇ ಆರಿಸಿಕೊಂಡಿತು, ಮೂರನೆಯದಕ್ಕೆ ಕೊನೆಯ ದಿನವೊಂದೇ ಗಡುವು. ಹೆಚ್ಚು ತಪ್ಪು ಹಿಡಿದವರು ಮತ್ತು ಕಡಿಮೆ ತಡ ಮಾಡಿದವರು ವಾರವಾರ ಒಪ್ಪಿಸಿದವರು. ತಾವೇ ಗಡುವು ಹಾಕಿಕೊಂಡವರು ನಡುವೆ, ಕೊನೆಯ ಗಡುವಿನವರು ಎಲ್ಲರಿಗಿಂತ ಹಿಂದೆ. ಗಡುವುಗಳನ್ನು ಸಮನಾಗಿ ಹಂಚಬೇಕು, ಸಾಧ್ಯವಾದರೆ ಅವು ಇನ್ನೊಬ್ಬರಿಗೆ ಒಪ್ಪಿಸುವ ಗಡುವುಗಳಾಗಿರಬೇಕು ಎಂಬುದು ಇದರಿಂದ ಸಿಗುವ ಪಾಠ.

ಸರ್ಕಾರದ ಹಣಕಾಸು ನಿಯಮಗಳಲ್ಲೂ ಇದೇ ತತ್ತ್ವ ಸೇರಿದೆ. ಖರ್ಚಾಗದ ಅನುದಾನ ಮಾರ್ಚ್ 31ಕ್ಕೆ ರದ್ದಾಗುವುದರಿಂದ ವರ್ಷದ ಕೊನೆಯಲ್ಲಿ ಬಿಲ್ಲುಗಳ ರಾಶಿ ಬೀಳುತ್ತದೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು ಈ ಕೊನೆಯ ತಿಂಗಳುಗಳ ನುಗ್ಗಾಟವನ್ನು ಹಣಕಾಸು ಶಿಸ್ತಿನ ಉಲ್ಲಂಘನೆ ಎಂದೇ ಕರೆದಿವೆ. ಕೊನೆಯ ತ್ರೈಮಾಸಿಕದಲ್ಲಿ ಬಜೆಟ್ಟಿನ ಶೇ 33, ಮಾರ್ಚ್ ಒಂದರಲ್ಲೇ ಶೇ 15 ಮೀರಬಾರದೆಂಬ ಮಿತಿಯನ್ನು ಹಣಕಾಸು ಸಚಿವಾಲಯ ಇಟ್ಟುಕೊಂಡು ಬಂದಿದೆ. ಮಾರ್ಚ್‌ಗೆ ಮಿತಿ ಹಾಕಿದರೆ ಉಳಿದ ತಿಂಗಳುಗಳಿಗೆ ತಾನಾಗಿಯೇ ಗಡುವು ಬರುತ್ತದೆ.

ಎಲ್ಲಿ ಕೆಡುತ್ತದೆ?

ಈ ವಿಧಾನಕ್ಕೆ ಮಿತಿಗಳಿವೆ. ಭದ್ರತೆಯನ್ನು ಹಿಂಡಿ ತೆಗೆಯಬಹುದು, ಕೆಲಸದ ಸಹಜ ಅವಧಿಯನ್ನು ಹಿಂಡಲಾಗುವುದಿಲ್ಲ. ಕಾಂಕ್ರೀಟಿಗೆ ಕ್ಯೂರಿಂಗ್ ದಿನಗಳನ್ನು ಕೊಡಲೇಬೇಕು, ಬೈಂಡಿಂಗ್‌ನ ಅಂಟು ಒಣಗಲೇಬೇಕು. ಅಂಥ ಹಂತಗಳ ದಿನವನ್ನು ಅರ್ಧ ಮಾಡಿದರೆ ಗುಣಮಟ್ಟ ಹಾಳಾಗುತ್ತದೆ. ಯಾವ ಹಂತದಲ್ಲಿ ಎಷ್ಟು ಭದ್ರತೆ ಅಡಗಿದೆ ಎಂದು ತಿಳಿಯಲು ಹಿಂದಿನ ಕೆಲಸಗಳ ದಾಖಲೆ ಬೇಕು. ಕಳೆದ ಮೂರು ನಾಲ್ಕು ಸಲ ನಿಜವಾಗಿ ಹಿಡಿದ ದಿನಗಳ ಪಟ್ಟಿ ಯಾವ ಅಂದಾಜಿಗಿಂತಲೂ ನಂಬಲರ್ಹ.

ಇನ್ನೊಂದು ಮಿತಿ ನಂಬಿಕೆಗೆ ಸಂಬಂಧಿಸಿದ್ದು. ಅರ್ಧಕ್ಕಿಳಿಸಿದ ಅವಧಿ ಸುಮಾರು ಅರ್ಧದಷ್ಟು ಸಲ ಮೀರಿಯೇ ಮೀರುತ್ತದೆ, ಬಫರ್ ಇರುವುದೇ ಅದಕ್ಕಾಗಿ. ಆರು ದಿನದ ಡಿಟಿಪಿ ಎಂಟು ದಿನವಾಯಿತೆಂದು ಗದರಿದರೆ, ಮುಂದಿನ ಸಲ ಅವರು ಇಪ್ಪತ್ನಾಲ್ಕು ದಿನ ಕೇಳುತ್ತಾರೆ. ಭದ್ರತೆ ಮತ್ತೆ ಹಂತಗಳೊಳಗೆ ಅಡಗುತ್ತದೆ. ಹಾಗೆಯೇ ಬಫರನ್ನು ಖಾಲಿ ದಿನಗಳೆಂದು ತಿಳಿದು ಮೇಲಿನವರು ಕತ್ತರಿಸಿದರೂ ಯೋಜನೆ ಉಳಿಯುವುದಿಲ್ಲ. ಹಂತಗಳ ಅಂದಾಜುಗಳು ಹಿಗ್ಗತೊಡಗಿದರೆ, ಎಲ್ಲ ಕೆಲಸಗಳೂ ಸರಿಯಾಗಿ ಗಡುವಿನ ದಿನವೇ ಮುಗಿಯತೊಡಗಿದರೆ ಈ ನಂಬಿಕೆ ಮುರಿದಿದೆ ಎಂದು ಅರ್ಥ.

ಕೆಲಸ ಹಿಗ್ಗುವುದನ್ನಾಗಲಿ ಆರಂಭ ಜಾರುವುದನ್ನಾಗಲಿ ಉಪದೇಶದಿಂದ ನಿಲ್ಲಿಸಲಾಗದು. ಹೆಚ್ಚುವರಿ ದಿನಗಳನ್ನು ಹಂತಗಳಿಂದ ತೆಗೆದು ಎಲ್ಲರಿಗೂ ಕಾಣುವಂತೆ ಕೊನೆಯಲ್ಲಿ ಇಟ್ಟು, ತಡವಾದವರನ್ನು ಶಿಕ್ಷಿಸದೆ ಬೇಗ ಮುಗಿಸಿದವರ ದಿನವನ್ನು ವ್ಯರ್ಥವಾಗಲು ಬಿಡದಿದ್ದರೆ, ಅದೇ ಜನ ಅದೇ ಕೆಲಸವನ್ನು ಕಡಿಮೆ ದಿನಗಳಲ್ಲಿ ಮುಗಿಸಬಲ್ಲರು.